ಗಂಗೊಳ್ಳಿ ಅಳಿವೆಗೆ ನಾಲ್ಕು ಟೈಲು ಸಾಕು

ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಪಂಚಗಂಗಾವಳಿ ಎಂಬ ಹೆಸರಿನಲ್ಲಿ ಒಂದಾಗಿ ಗಂಗೊಳ್ಳಿಯಲ್ಲಿ ಕಡಲು ಸೇರುವ ಅಳಿವೆಯನ್ನು ಆಕಾಶದಿಂದ ನೋಡಲು ಇವತ್ತು ದುಡ್ಡು ಕೊಡಬೇಕಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲಿ ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಮೇಲೇರಿದವು. ಅಲ್ಲಿಂದೀಚೆಗೆ ಹೆಚ್ಚುಕಡಿಮೆ ಐದು ದಿನಕ್ಕೊಮ್ಮೆ ನಮ್ಮ ಕರಾವಳಿಯ ಚಿತ್ರ ಸಿಗುತ್ತಿದೆ. ಮಳೆಗಾಲದಲ್ಲಿ ಮೋಡವಲ್ಲದೆ ಬೇರೇನೂ ಕಾಣದು, ನಿಜ. ಆದರೆ ನವೆಂಬರಿನಿಂದ ಏಪ್ರಿಲ್‌ವರೆಗಿನ ಚಿತ್ರಗಳನ್ನು ವರ್ಷವರ್ಷಕ್ಕೆ ಪಕ್ಕಪಕ್ಕ ಇಟ್ಟರೆ ಅಳಿವೆಯ ಬಾಯಲ್ಲಿ ಮರಳು ಎತ್ತ ಸರಿದಿದೆ, ಕೋಡಿಯ ಕಡೆ ದಂಡೆ ಎಷ್ಟು ಬೆಳೆದಿದೆ ಅಥವಾ ಕರಗಿದೆ ಎಂದು ಹೋಲಿಸಿ ನೋಡಬಹುದು. ಮೀನುಗಾರಿಕೆ ಬಂದರಿನಿಂದ ದಿನಾ ಬೋಟ್ ಹೊರಡಿಸುವವರಿಗೆ ಇದು ಬದುಕಿನ ಪ್ರಶ್ನೆ.

ತೊಡಕಿರುವುದು ಚಿತ್ರದ ಗಾತ್ರದಲ್ಲಿ. ಈ ಉಪಗ್ರಹದ ಚಿತ್ರಗಳನ್ನು ಸುಮಾರು 110 ಕಿಲೋಮೀಟರ್ ಬದಿಯ ಚೌಕಗಳಾಗಿ ಕತ್ತರಿಸಿ ಹಂಚುತ್ತಾರೆ. ಗಂಗೊಳ್ಳಿ ಬೀಳುವ ಚೌಕದ ಹೆಸರು 43PDR. ಅದು ಉತ್ತರದಲ್ಲಿ ಕುಮಟಾ, ಹೊನ್ನಾವರಗಳಿಂದ ಶುರುವಾಗಿ ಭಟ್ಕಳ, ಬೈಂದೂರು ದಾಟಿ ಕುಂದಾಪುರದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಮುಗಿಯುತ್ತದೆ; ಪೂರ್ವಕ್ಕೆ ಘಟ್ಟ ಹತ್ತಿ ಸಾಗರದವರೆಗೂ ಹೋಗುತ್ತದೆ. ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಅಡ್ಡಕ್ಕೆ 10,980, ಉದ್ದಕ್ಕೆ 10,980 ಪಿಕ್ಸೆಲ್; ಪ್ರತಿಯೊಂದಕ್ಕೆ ಎರಡು ಬೈಟ್. ಒತ್ತಿ ಚಿಕ್ಕದು ಮಾಡದೆ ಇಟ್ಟರೆ ಒಂದು ಬ್ಯಾಂಡಿಗೇ 24 ಕೋಟಿ ಬೈಟ್, ಅಂದರೆ 241 ಎಂಬಿ. ಅಳಿವೆಯ ಸುತ್ತ ಐದು ಕಿಲೋಮೀಟರ್ ಬದಿಯ ಜಾಗ ಮಾತ್ರ ಬೇಕಾದವರಿಗೆ ಇದರಲ್ಲಿ ಬೇಕಾದದ್ದು 500 ಪಿಕ್ಸೆಲ್ ಅಗಲ, 500 ಪಿಕ್ಸೆಲ್ ಎತ್ತರ, ಅರ್ಧ ಎಂಬಿ ಮಾತ್ರ. ಉಳಿದದ್ದೆಲ್ಲ ಹೊನ್ನಾವರದ ಕಾಡು, ಜೋಗದ ಕಣಿವೆ ಮತ್ತು ಅರಬ್ಬಿ ಸಮುದ್ರ.

ಹಾಗಾದರೆ ಕಡತವನ್ನು ಸರ್ವರಿನಲ್ಲೇ ಬಿಟ್ಟು, ಬೇಕಾದ ತುಂಡನ್ನು ಮಾತ್ರ ತರಿಸಿಕೊಳ್ಳಬಹುದೇ? ವೆಬ್ಬಿನಲ್ಲಿ ಇದಕ್ಕೆ ಬೇಕಾದ ಸೌಲಭ್ಯ 1990ರ ದಶಕದಿಂದಲೇ ಇದೆ. ‘ಈ ಕಡತದ ಇಷ್ಟನೇ ಬೈಟಿನಿಂದ ಇಷ್ಟನೇ ಬೈಟಿನವರೆಗೆ ಕೊಡು’ ಎಂದು ಸರ್ವರನ್ನು ಕೇಳಬಹುದು. ಅದಕ್ಕೆ ರೇಂಜ್ ರಿಕ್ವೆಸ್ಟ್ ಎನ್ನುತ್ತಾರೆ. ಕೇಳುವುದು ಸುಲಭ. ಗಂಗೊಳ್ಳಿ ಕಡತದ ಎಷ್ಟನೇ ಬೈಟಿನಲ್ಲಿದೆ ಎಂದು ಮೊದಲೇ ಗೊತ್ತಿರಬೇಕು, ಮತ್ತು ಆ ಬೈಟುಗಳು ಒಂದೇ ಕಡೆ ಗುಂಪಾಗಿರಬೇಕು, ಅಷ್ಟೇ. ಸಾಮಾನ್ಯ ಜಿಯೋಟಿಫ್ ಕಡತದಲ್ಲಿ ಇವೆರಡಕ್ಕೂ ಖಾತ್ರಿಯಿಲ್ಲ. ಖಾತ್ರಿ ಇರುವಂತೆ ಜೋಡಿಸಿದ ಜಿಯೋಟಿಫ್‌ಗೇ ಕ್ಲೌಡ್ ಆಪ್ಟಿಮೈಸ್ಡ್ ಜಿಯೋಟಿಫ್, ಚಿಕ್ಕದಾಗಿ ಸಿಒಜಿ ಎಂದು ಹೆಸರು. ಇದು ಬೇರೆ ಜಾತಿಯ ಕಡತವಲ್ಲ. ಹಳೆಯ ಸಾಫ್ಟ್‌ವೇರೂ ಇದನ್ನು ಮಾಮೂಲಿ ಟಿಫ್ ಎಂದೇ ಓದುತ್ತದೆ. ಒಳಗಿನ ವಸ್ತು ಅದೇ, ಇಟ್ಟಿರುವ ಕ್ರಮ ಬೇರೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ 2020ರಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳ ಹೊಸ ಸಂಗ್ರಹವನ್ನು ಈ ಕ್ರಮದಲ್ಲೇ ಕೊಡುತ್ತಿದೆ. 2023ರಲ್ಲಿ ಓಪನ್ ಜಿಯೋಸ್ಪೇಷಿಯಲ್ ಕನ್ಸಾರ್ಷಿಯಂ ಇದನ್ನು ಅಧಿಕೃತ ಮಾನದಂಡವಾಗಿ ಒಪ್ಪಿತು.

ಕ್ರಮ ಎಂದರೇನು ಎಂಬುದನ್ನು ನಮ್ಮ ಚೌಕದಲ್ಲೇ ನೋಡೋಣ. ಮಾಮೂಲಿ ಜಿಯೋಟಿಫ್ ಚಿತ್ರವನ್ನು ಸಾಲುಸಾಲಾಗಿ ಬರೆಯುತ್ತದೆ. ಪಶ್ಚಿಮದ ಕಡಲಿನಿಂದ ಪೂರ್ವದ ಘಟ್ಟದವರೆಗೆ ಒಂದು ಸಾಲು, ಅದರ ಕೆಳಗೆ ಇನ್ನೊಂದು. ಒಂದು ಸಾಲಿಗೆ 21,960 ಬೈಟ್. ಅಳಿವೆಯ 500 ಸಾಲುಗಳು ಬೇಕೆಂದರೆ ಪ್ರತಿ ಸಾಲನ್ನೂ ಈ ತುದಿಯಿಂದ ಆ ತುದಿಯವರೆಗೆ ತರಬೇಕು. ಹೀಗೆ ಅರ್ಧ ಎಂಬಿಯ ಕೆಲಸಕ್ಕೆ 11 ಎಂಬಿ ಬರುತ್ತದೆ. ಸಿಒಜಿಯಲ್ಲಿ ಚಿತ್ರವನ್ನು ಮೊದಲು 512 ಪಿಕ್ಸೆಲ್ ಬದಿಯ ಟೈಲುಗಳಾಗಿ ಕತ್ತರಿಸಿ, ಒಂದೊಂದು ಟೈಲಿನ ಬೈಟುಗಳನ್ನು ಒಟ್ಟಿಗೆ ಇಡುತ್ತಾರೆ. ನಮ್ಮ ಚೌಕಕ್ಕೆ ಅಡ್ಡ 22, ಉದ್ದ 22, ಒಟ್ಟು 484 ಟೈಲು. ಅಳಿವೆಯ ಜಾಗ ಎಡದಿಂದ ಎಣಿಸಿದರೆ 6,204ನೇ ಪಿಕ್ಸೆಲ್‌ನಿಂದ 6,704ರವರೆಗೆ, ಮೇಲಿನಿಂದ 8,902ರಿಂದ 9,402ರವರೆಗೆ ಹರಡಿದೆ. ಇವನ್ನು 512ರಿಂದ ಭಾಗಿಸಿ ನೋಡಿದರೆ ಅದು ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಟೈಲುಗಳ ಮೇಲೆ ಬೀಳುತ್ತದೆ. 484ರಲ್ಲಿ ನಾಲ್ಕು. ಒತ್ತದಿದ್ದರೂ ಎರಡು ಎಂಬಿ. ಒತ್ತಿದರೆ ಇನ್ನೂ ಕಡಿಮೆ.

ಆ ನಾಲ್ಕು ಟೈಲುಗಳು ಎಲ್ಲಿವೆ ಎಂದು ಹೇಳುವುದು ಕಡತದ ಮೊದಲಿಗೇ ಇರುವ ಪಟ್ಟಿ. ಪುಸ್ತಕದ ಪರಿವಿಡಿಯ ಹಾಗೆ ಅದು ಪ್ರತಿ ಟೈಲು ಎಲ್ಲಿ ಶುರುವಾಗುತ್ತದೆ, ಎಷ್ಟು ಉದ್ದವಿದೆ ಎಂದು ಬರೆದಿಟ್ಟಿರುತ್ತದೆ. ಮಾಮೂಲಿ ಟಿಫ್‌ನಲ್ಲಿ ಈ ಪಟ್ಟಿ ಕಡತದ ಕೊನೆಯಲ್ಲೂ ಇರಬಹುದು, ನಡುವೆ ಅಲ್ಲಲ್ಲಿ ಹರಡಿಯೂ ಇರಬಹುದು. ಆಗ ಓದುವವರು ಅದನ್ನು ಹುಡುಕಲಿಕ್ಕೇ ಹಲವು ಬಾರಿ ಸರ್ವರಿಗೆ ಹೋಗಿಬರಬೇಕು. ನಮ್ಮ ಕಡತದಲ್ಲಿ, ಮುಂದೆ ಹೇಳಲಿರುವ ಕಿರುಪ್ರತಿಗಳೂ ಸೇರಿ 655 ಟೈಲುಗಳಿವೆ. ಒಂದಕ್ಕೆ ಎಂಟು ಬೈಟ್ ಲೆಕ್ಕ ಹಿಡಿದರೂ ಪಟ್ಟಿ ಐದು ಸಾವಿರ ಬೈಟು ಚಿಲ್ಲರೆ. ಈ ಕ್ಷೇತ್ರದಲ್ಲಿ ಎಲ್ಲರೂ ಬಳಸುವ ಜಿಡಾಲ್ ಎಂಬ ತಂತ್ರಾಂಶ ದೂರದ ಕಡತವನ್ನು ತೆರೆಯುವಾಗ ಮೊದಲು 16,384 ಬೈಟ್ ಕೇಳುತ್ತದೆ. ಅಂದರೆ ಒಂದೇ ಕೇಳಿಕೆಗೆ ಇಡೀ ಪಟ್ಟಿ ಕೈಗೆ ಬರುತ್ತದೆ. ಎರಡನೆಯ ಸುತ್ತಿಗೆ ಗಂಗೊಳ್ಳಿ.

ಈಗ ಕಡತವನ್ನು ತಯಾರಿಸುವ ಕೆಲಸ. ಉಪಗ್ರಹದ ಮೂಲ ಚಿತ್ರಗಳು ಜೆಪಿಇಜಿ-2000 ರೂಪದಲ್ಲಿ ಬರುತ್ತವೆ. ಅಳಿವೆಯ ದಂಡೆ ನೋಡಲು ಎಂಟನೇ ಬ್ಯಾಂಡ್, ಅಂದರೆ ಕಣ್ಣಿಗೆ ಕಾಣದ ಸಮೀಪದ ಅವಗೆಂಪು, ಒಳ್ಳೆಯದು. ನೀರು ಆ ಬೆಳಕನ್ನು ಹೀರಿಕೊಳ್ಳುವುದರಿಂದ ಕಪ್ಪಾಗಿ ಕಾಣುತ್ತದೆ. ಮರಳು, ತೆಂಗಿನ ತೋಟ ಎರಡೂ ಬೆಳ್ಳಗೆ ಕಾಣುತ್ತವೆ. ಜಿಡಾಲ್‌ನ 3.1ನೇ ಆವೃತ್ತಿ 2020ರಲ್ಲಿ ಬಂದ ಮೇಲೆ ಸಿಒಜಿ ಮಾಡುವುದು ಒಂದೇ ಆಜ್ಞೆಯ ಕೆಲಸವಾಗಿದೆ.

```
gdal_translate b08.jp2 gangolli_b08.tif -of COG \
  -a_nodata 0 -co BLOCKSIZE=512 \
  -co COMPRESS=DEFLATE -co PREDICTOR=YES \
  -co OVERVIEW_RESAMPLING=AVERAGE
```

ಇಲ್ಲಿ `COMPRESS=DEFLATE` ಬೆಲೆಗಳನ್ನು ಒಂದಿಷ್ಟೂ ಕೆಡಿಸದೆ ಒತ್ತುತ್ತದೆ. `PREDICTOR=YES` ಎಂದರೆ ಪ್ರತಿ ಪಿಕ್ಸೆಲ್‌ನ ಪೂರ್ತಿ ಬೆಲೆಯ ಬದಲು ಪಕ್ಕದ ಪಿಕ್ಸೆಲ್‌ಗಿಂತ ಎಷ್ಟು ಹೆಚ್ಚು ಕಡಿಮೆ ಎಂಬುದನ್ನು ಇಡುವುದು. ಕಡಲಿನಂಥ ಏಕರೂಪದ ಜಾಗದಲ್ಲಿ ಆ ವ್ಯತ್ಯಾಸಗಳು ಚಿಕ್ಕವಾದ್ದರಿಂದ ಕಡತ ಚೆನ್ನಾಗಿ ಕುಗ್ಗುತ್ತದೆ. ಡ್ರೋನ್‌ನಲ್ಲಿ ತೆಗೆದ ಬಂದರಿನ ಬಣ್ಣದ ಚಿತ್ರವಾದರೆ ಜೆಪೆಗ್ ಒತ್ತುವಿಕೆ ಬಳಸಬಹುದು, ಅದರಲ್ಲಿ ಉಳಿತಾಯ ಬಹಳ. ಆದರೆ ಜೆಪೆಗ್ ಬೆಲೆಗಳನ್ನು ಬದಲಿಸುತ್ತದೆ. ನೋಡಲಿಕ್ಕಷ್ಟೇ ಇರುವ ಚಿತ್ರಕ್ಕೆ ಅದು ಸರಿ. ಅಳೆಯಲಿಕ್ಕಿರುವ ಬ್ಯಾಂಡಿಗೆ ಬೇಡವೇ ಬೇಡ.

ಆಜ್ಞೆಯ ಕೊನೆಯ ಸಾಲಿನ ಬಗ್ಗೆ ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಯಾರಾದರೂ ಚಿತ್ರವನ್ನು ತೆರೆದಾಗ ಮೊದಲು ಕಾಣಬೇಕಾದದ್ದು ಕುಮಟಾದಿಂದ ಕುಂದಾಪುರದವರೆಗಿನ ಇಡೀ ಚೌಕ. ಪರದೆಯ ಮೇಲೆ ಅದು ಕೆಲವು ನೂರು ಪಿಕ್ಸೆಲ್ ಮಾತ್ರ. ಅಷ್ಟನ್ನು ತೋರಿಸಲಿಕ್ಕೆ 484 ಟೈಲುಗಳನ್ನೂ ಓದಿದರೆ ತುಂಡುತುಂಡಾಗಿ ಇಟ್ಟು ಏನು ಸಾರ್ಥಕ? ಅದಕ್ಕಾಗಿ ಕಡತದೊಳಗೇ ಚಿತ್ರದ ಕಿರುಪ್ರತಿಗಳನ್ನು ಮಾಡಿಡುತ್ತಾರೆ. ಇಂಗ್ಲಿಷಿನವರು ಓವರ್‌ವ್ಯೂ ಎನ್ನುವುದು ಇವಕ್ಕೇ. ಮೊದಲನೆಯದು 5,490 ಪಿಕ್ಸೆಲ್, ಆಮೇಲೆ 2,745, ಹೀಗೆ ಪ್ರತಿ ಸಲ ಅರ್ಧವಾಗುತ್ತ ಐದನೆಯದು 343 ಪಿಕ್ಸೆಲ್‌ಗೆ ಬಂದು ಒಂದೇ ಟೈಲಿನಲ್ಲಿ ಹಿಡಿಯುತ್ತದೆ. ಎಲ್ಲ ಸೇರಿ ಕಡತದ ತೂಕ ಸುಮಾರು ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಸಿಗುವ ಪ್ರತಿಫಲ ದೊಡ್ಡದು. ಇಡೀ ಕರಾವಳಿಯನ್ನು ಒಂದು ಟೈಲು ತರಿಸಿ ನೋಡಬಹುದು.

ಆದರೆ ನೆನಪಿಡಬೇಕಾದ ಸಂಗತಿಯೊಂದಿದೆ. ನೋಡುವವರಲ್ಲಿ ಹೆಚ್ಚಿನವರು ಮೂಲ ಪಿಕ್ಸೆಲ್‌ವರೆಗೆ ಹೋಗುವುದೇ ಇಲ್ಲ. ಅವರು ನೋಡುವುದು ಕಿರುಪ್ರತಿಯನ್ನು, ತೀರ್ಮಾನ ಕಟ್ಟುವುದೂ ಅದರಿಂದಲೇ. ನಾಲ್ಕು ಪಿಕ್ಸೆಲ್‌ಗಳನ್ನು ಒಂದು ಮಾಡುವಾಗ ಯಾವ ವಿಧಾನ ಬಳಸಿದ್ದೀರಿ ಎಂಬುದರ ಮೇಲೆ ಆ ಕಿರುಪ್ರತಿ ನಿಜ ಹೇಳುತ್ತದೋ ಇಲ್ಲವೋ ಎಂಬುದು ನಿಂತಿದೆ. ಬೆಳಕಿನ ಪ್ರಮಾಣ ಅಳೆದ ಬ್ಯಾಂಡಿಗೆ ಸರಾಸರಿ ತೆಗೆಯುವುದು ಸಮಂಜಸ. ವರ್ಗೀಕರಿಸಿದ ನಕ್ಷೆಗೆ ಸರಾಸರಿ ತೆಗೆದರೆ ಅನಾಹುತ.

ಸೆಂಟಿನೆಲ್-2ರ ಜೊತೆಗೇ ಬರುವ ಎಸ್‌ಸಿಎಲ್ ಎಂಬ ವರ್ಗನಕ್ಷೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಪಿಕ್ಸೆಲ್‌ಗೆ ಒಂದು ಸಂಕೇತ ಸಂಖ್ಯೆ: 4 ಎಂದರೆ ಹಸಿರು, 5 ಎಂದರೆ ಗಿಡಮರವಿಲ್ಲದ ಬರಿ ನೆಲ, 6 ಎಂದರೆ ನೀರು. ಪಂಚಗಂಗಾವಳಿಯ ಕುದ್ರುಗಳಲ್ಲಿ ತೆಂಗಿನ ತೋಟ ಹಲವೆಡೆ ನೀರಿನ ಅಂಚಿನವರೆಗೂ ಇದೆ. ಅಂಥಲ್ಲಿ ಎರಡು ಪಿಕ್ಸೆಲ್ 4, ಎರಡು ಪಿಕ್ಸೆಲ್ 6 ಇದ್ದರೆ ಸರಾಸರಿ 5. ಬರಿ ನೆಲ! ತೋಟಕ್ಕೂ ಹೊಳೆಗೂ ನಡುವೆ ಇಲ್ಲದ ಮರಳಿನ ಪಟ್ಟಿಯೊಂದು ಕಿರುಪ್ರತಿಯಲ್ಲಿ ಹುಟ್ಟಿಕೊಳ್ಳುತ್ತದೆ. ನಾವು ಹುಡುಕುತ್ತಿರುವುದೇ ಮರಳು ಎಲ್ಲಿ ಸೇರಿದೆ ಎಂಬುದನ್ನು. ಸುಳ್ಳು ಮರಳು ಹುಟ್ಟುವುದೂ ಸರಿಯಾಗಿ ನೀರಿನ ಅಂಚಿನಲ್ಲೇ. ನೋಡಿದವರಿಗೆ ಅನುಮಾನವೂ ಬರುವುದಿಲ್ಲ, ಏಕೆಂದರೆ ದಂಡೆಯ ಮೇಲೆ ಮರಳು ಇರುವುದು ಸಹಜವೇ. ವಿಧಾನವನ್ನು ನೀವು ಹೇಳದೆ ಬಿಟ್ಟರೂ ಇದರಿಂದ ಪಾರಿಲ್ಲ. ಬಣ್ಣದ ಪಟ್ಟಿ ಅಂಟಿಸದ ಚಿತ್ರಕ್ಕೆ ಜಿಡಾಲ್ ತಾನಾಗಿ ಆರಿಸುವುದು ಕ್ಯೂಬಿಕ್ ಎಂಬ ವಿಧಾನವನ್ನು. ಅದೂ ಸಂಖ್ಯೆಗಳನ್ನು ಬೆರೆಸುವಂಥದ್ದೇ.

ಇದನ್ನು ಪತ್ತೆ ಹಚ್ಚುವ ದಾರಿ ಸರಳ. ಕ್ಯೂಜಿಐಎಸ್‌ನಲ್ಲಿ ನಕ್ಷೆ ತೆರೆದು ದೂರದಿಂದ ನೋಡಿ, ಹೊಳೆಯ ಅಂಚಿನಲ್ಲಿ ಕಾಣುವ ಬರಿ ನೆಲದ ಪಟ್ಟಿಯ ಹತ್ತಿರ ಹತ್ತಿರ ಹೋಗಿ. ಮೂಲ ಪಿಕ್ಸೆಲ್ ತಲುಪಿದಾಗ ಆ ಪಟ್ಟಿ ಮಾಯವಾದರೆ ಅದು ಕಿರುಪ್ರತಿ ಕಟ್ಟಿದ ಸುಳ್ಳು. ಪರಿಹಾರವೂ ಅಷ್ಟೇ ಸರಳ. ವರ್ಗನಕ್ಷೆಗೆ `OVERVIEW_RESAMPLING=MODE` ಎಂದು ಕೊಡಿ. ಆಗ ನಾಲ್ಕರಲ್ಲಿ ಹೆಚ್ಚು ಸಲ ಇರುವ ಸಂಕೇತ ಉಳಿಯುತ್ತದೆ, ಇಲ್ಲದ ಸಂಕೇತ ಹುಟ್ಟುವುದಿಲ್ಲ. `NEAREST` ಕೊಟ್ಟರೂ ಹೊಸ ಸಂಕೇತ ಬರುವುದಿಲ್ಲ, ಆದರೆ ಕಿರಿದಾದ ತೋಡುಗಳು ಅಲ್ಲಲ್ಲಿ ಕಡಿದು ಹೋದಂತೆ ಕಾಣುತ್ತವೆ.

ಆಜ್ಞೆಯಲ್ಲಿರುವ `-a_nodata 0` ಕೂಡ ಇದೇ ಕಾಳಜಿಯದು. ಈ ಚಿತ್ರಗಳಲ್ಲಿ ಸೊನ್ನೆ ಎಂದರೆ ಕತ್ತಲು ಎಂದಲ್ಲ, ಉಪಗ್ರಹ ಅಲ್ಲಿ ನೋಡಿಯೇ ಇಲ್ಲ ಎಂದರ್ಥ. ಆದರೆ ಮೂಲ ಕಡತ ಅದನ್ನು ಎಲ್ಲೂ ಘೋಷಿಸಿರುವುದಿಲ್ಲ. ನಾವು ಹೇಳದಿದ್ದರೆ ನೋಟದ ಅಂಚಿನ ಸೊನ್ನೆಗಳು ಪಕ್ಕದ ನಿಜ ಬೆಲೆಗಳ ಜೊತೆ ಸರಾಸರಿಗೆ ಸೇರಿ, ಪ್ರತಿ ಕಿರುಪ್ರತಿಯಲ್ಲೂ ಅಂಚು ಇನ್ನಷ್ಟು ಕಪ್ಪಾಗುತ್ತ ಹೋಗುತ್ತದೆ. ಈ ಬ್ಯಾಂಡಿನಲ್ಲಿ ಕಪ್ಪು ಎಂದರೆ ನೀರು ಎಂದು ಓದುವವರಿಗೆ ಅದು ತಪ್ಪು ದಾರಿ.

ಕಡತ ಸಿದ್ಧವಾದ ಮೇಲೆ `gdalinfo` ಎಂಬ ಆಜ್ಞೆ ಕೊಟ್ಟು ನೋಡಿದರೆ `LAYOUT=COG` ಎಂಬ ಸಾಲು ಕಾಣಬೇಕು. ಪೈಥಾನ್ ಬಲ್ಲವರು `rio cogeo validate` ಬಳಸಬಹುದು, ಅದು ತಪ್ಪಿದ್ದರೆ ಎಲ್ಲಿ ಎಂದೂ ಹೇಳುತ್ತದೆ. ಹೀಗೆ ಒಮ್ಮೆ ಸರಿಯಾದ ಕಡತ ಆಮೇಲೆ ಕೆಡುವುದುಂಟು. ಸಿಒಜಿ ಮಾಡಿಯಾದ ಮೇಲೆ `gdaladdo` ಓಡಿಸಿ ಇನ್ನೊಂದು ಕಿರುಪ್ರತಿ ಸೇರಿಸಿದರೆ, ಇಲ್ಲವೇ ಒಳಗಿನ ವಿವರ ತಿದ್ದಿದರೆ, ಮುಂದೆ ಇದ್ದ ಪಟ್ಟಿಯ ಭಾಗ ಕಡತದ ಕೊನೆಗೆ ಹೋಗಿ ಕೂರಬಹುದು. ಚಿತ್ರ ಮೊದಲಿನಂತೆಯೇ ತೆರೆದುಕೊಳ್ಳುತ್ತದೆ, ಆದರೆ ಕ್ರಮ ಮುರಿದಿರುತ್ತದೆ. ಆದ್ದರಿಂದ ತಿದ್ದುವುದೆಲ್ಲ ಮೊದಲು, ಸಿಒಜಿ ಮಾಡುವುದು ಕಟ್ಟಕಡೆಗೆ. ಗೂಗಲ್ ನಕ್ಷೆಯ ಚೌಕಟ್ಟಿಗೆ ಹೊಂದಿಸುವ ಆಯ್ಕೆಯೂ ಈ ತಂತ್ರಾಂಶದಲ್ಲಿದೆ. ಅದು ಪ್ರತಿ ಪಿಕ್ಸೆಲ್ಲನ್ನೂ ಹೊಸ ಜಾಗಕ್ಕೆ ಎಳೆದು ಬೆಲೆಯನ್ನು ಮತ್ತೆ ಲೆಕ್ಕ ಹಾಕುತ್ತದೆ. ದಂಡೆಯನ್ನು ಮೀಟರಿನಲ್ಲಿ ಅಳೆಯುವ ಉದ್ದೇಶವಿದ್ದರೆ ಚಿತ್ರ ಬಂದ ಪ್ರಕ್ಷೇಪಣೆಯಲ್ಲೇ, ನಮ್ಮ ಕರಾವಳಿಗೆ `EPSG:32643`ರಲ್ಲೇ, ಬಿಡುವುದು ವಾಸಿ.

ಇನ್ನು ಸರ್ವರ್. ಕಡತ ಎಷ್ಟೇ ಚೆಂದ ಇರಲಿ, ಸರ್ವರ್ ತುಂಡು ಕೊಡಲು ಒಪ್ಪದಿದ್ದರೆ ಎಲ್ಲ ವ್ಯರ್ಥ. ಏರಿಸಿದ ಮೇಲೆ ಹೀಗೆ ಕೇಳಿ ನೋಡಬೇಕು. `$URL` ಇರುವಲ್ಲಿ ಕಡತದ ವಿಳಾಸ ಬರುತ್ತದೆ.

```
curl -s -D - -o /dev/null \
  -H "Range: bytes=0-16383" "$URL"
```

ಉತ್ತರದ ಮೊದಲ ಸಾಲಿನಲ್ಲಿ 206 ಎಂಬ ಸಂಖ್ಯೆ, ಕೆಳಗೆ `Content-Range` ಎಂಬ ಸಾಲು ಇದ್ದರೆ ಸರ್ವರ್ ತುಂಡು ಕೊಡುತ್ತಿದೆ. 200 ಎಂದು ಬಂದರೆ ಅದು ನಮ್ಮ ಕೇಳಿಕೆಯನ್ನು ಕಿವಿಗೆ ಹಾಕಿಕೊಳ್ಳದೆ ಇಡೀ ಕಡತವನ್ನೇ ಕಳಿಸುತ್ತಿದೆ. ಕಲಿಯುವವರು ಎಡವುವ ಜಾಗವೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಪೈಥಾನ್ ಜೊತೆ ಬರುವ `python -m http.server` ಎಂಬ ಚಿಕ್ಕ ಸರ್ವರಿನಲ್ಲಿ ಪರೀಕ್ಷಿಸಿ, ‘Range downloading not supported by this server!’ ಎಂಬ ಸಂದೇಶ ಕಂಡು ಕಡತವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ. ಅಲ್ಲಿ ಕಡತದ ತಪ್ಪೇನಿಲ್ಲ, ಆ ಸರ್ವರಿಗೆ ತುಂಡು ಕೊಡುವುದು ಬಾರದು. ಚಿತ್ರವನ್ನು ಬ್ರೌಸರಿನ ನಕ್ಷೆಯಲ್ಲಿ ನೇರವಾಗಿ ತೋರಿಸುವುದಾದರೆ ಬೇರೆ ತಾಣದ ಪುಟಗಳಿಗೂ ಓದಲು ಬಿಡುವಂತೆ ಸರ್ವರಿನಲ್ಲಿ `Access-Control-Allow-Origin` ಅನುಮತಿ ಹಾಕಬೇಕು. ಕ್ಯೂಜಿಐಎಸ್‌ನಲ್ಲಿ ತೆರೆದುಕೊಳ್ಳುವ ಚಿತ್ರ ಬ್ರೌಸರಿನಲ್ಲಿ ಮಾತ್ರ ಖಾಲಿ ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲ ಸರಿಯಿದ್ದರೆ ಅಳಿವೆಯನ್ನು ಮಾತ್ರ ಕತ್ತರಿಸಿ ತರುವ ಆಜ್ಞೆ ಇದು. ಸಂಖ್ಯೆಗಳು ಮೀಟರಿನಲ್ಲಿವೆ: ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣದ ಗಡಿ.

```
gdal_translate "/vsicurl/$URL" alive.tif \
  --config GDAL_DISABLE_READDIR_ON_OPEN EMPTY_DIR \
  -projwin 462000 1511000 467000 1506000
```

ನಡುವಿನ ಸಾಲು, ಪಕ್ಕದಲ್ಲಿ ಬೇರೆ ಕಡತಗಳಿವೆಯೇ ಎಂದು ಜಿಡಾಲ್ ಸರ್ವರನ್ನು ಸುಮ್ಮನೆ ಕೇಳುತ್ತಾ ಕೂರದಂತೆ ತಡೆಯುತ್ತದೆ. `CPL_CURL_VERBOSE` ಅನ್ನು `YES` ಮಾಡಿದರೆ ಯಾವ ಬೈಟಿನಿಂದ ಯಾವ ಬೈಟಿನವರೆಗೆ ಕೇಳಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಮೊದಲ 16 ಸಾವಿರ ಬೈಟು, ಆಮೇಲೆ ಟೈಲುಗಳು. ಅಕ್ಕಪಕ್ಕದ ಟೈಲುಗಳಿದ್ದರೆ ಎರಡನ್ನೂ ಒಂದೇ ಕೇಳಿಕೆಯಲ್ಲಿ ತರಿಸಿಕೊಳ್ಳುತ್ತದೆ. ಅಲ್ಲಿ ನೂರಾರು ಕೇಳಿಕೆಗಳು ಕಂಡರೆ ಟೈಲು ಮಾಡಿಲ್ಲ ಎಂದು ತಿಳಿಯಬೇಕು.

ಕೈಗೆ ಬಂದ ಚಿತ್ರದ ಮಿತಿಯೂ ಗೊತ್ತಿರಲಿ. 10 ಮೀಟರಿನ ಪಿಕ್ಸೆಲ್‌ನಲ್ಲಿ ಒಂದು ಪರ್ಸೀನ್ ಬೋಟ್ ಎರಡು ಚುಕ್ಕಿ, ನಾಡದೋಣಿ ಕಾಣುವುದೇ ಇಲ್ಲ. ಬೋಟ್ ಮಗುಚಿಸುವ, ನೀರಿನಡಿ ಅಡಗಿರುವ ಮರಳು ದಿಬ್ಬವನ್ನು ಎಂಟನೇ ಬ್ಯಾಂಡ್ ತೋರಿಸದು, ಅದರ ಬೆಳಕು ನೀರಿನೊಳಗೆ ಇಳಿಯುವುದೇ ಇಲ್ಲ. ಉಪಗ್ರಹ ಹಾಯುವ ಬೆಳಗಿನ ಹೊತ್ತಿಗೆ ಭರತವಿತ್ತೋ ಇಳಿತವಿತ್ತೋ ಎಂದು ನೋಡದೆ ಎರಡು ದಿನದ ದಂಡೆಗಳನ್ನು ಹೋಲಿಸಲೂ ಬಾರದು.

ಸೆಂಟಿನೆಲ್-2ರ ಚಿತ್ರಗಳನ್ನು ಸಿಒಜಿ ಮಾಡಿ ಅಮೆಜಾನ್‌ನ ಮುಕ್ತ ದತ್ತಾಂಶ ಸಂಗ್ರಹದಲ್ಲಿ ಇಟ್ಟವರೂ ಇದ್ದಾರೆ. ಒಂದು ದಿನದ ಒಂದು ಬ್ಯಾಂಡ್ ಸಾಕು ಎನ್ನುವವರು ಅಲ್ಲಿಂದಲೇ ಓದಬಹುದು. ನಾವೇ ತಯಾರಿಸಬೇಕಾದದ್ದು ನಮ್ಮದೇ ಕೆಲಸದ ಫಲವನ್ನು: ಹಲವು ದಿನಗಳಿಂದ ಮೋಡ ತೆಗೆದು ಕಟ್ಟಿದ ಚಿತ್ರ, ನಾವು ಗುರುತಿಸಿದ ವರ್ಗನಕ್ಷೆ, ಅಥವಾ ಎರಡು ಚೌಕ ಹೊಲಿದ ಚಿತ್ರ. ಈ ಮೂರನೆಯದು ಕುಂದಾಪುರದ ಕಡೆಯವರಿಗೆ ಬೇಗನೇ ಬೇಕಾಗುತ್ತದೆ, ಏಕೆಂದರೆ ಬ್ರಹ್ಮಾವರ 43PDRನಲ್ಲಿ ಇಲ್ಲ. ಅದು ದಕ್ಷಿಣದ 43PDQ ಚೌಕದ್ದು. ಎರಡೂ ಒಂದೇ ವಲಯದವು, ಪಿಕ್ಸೆಲ್ ಗೆರೆಗಳೂ ಸರಿಯಾಗಿ ಕೂಡುತ್ತವೆ. ಹಾಗಾಗಿ ಒಂದೇ ದಿನದ ಎರಡು ಚಿತ್ರಗಳನ್ನು `gdalbuildvrt`ನಿಂದ ಜೋಡಿಸಿ, ಬೆಲೆಗಳನ್ನು ಮುಟ್ಟದೆ, ಸಿಒಜಿ ಮಾಡುವ ಮೇಲಿನ ಆಜ್ಞೆಯನ್ನೇ ಕೊಡಬಹುದು. ಉದ್ದ 20,982 ಪಿಕ್ಸೆಲ್‌ಗೆ ಏರುತ್ತದೆ, ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಮೊದಲಿನ ಪಟ್ಟಿ ಹತ್ತು ಸಾವಿರ ಬೈಟಿನ ಆಸುಪಾಸಿಗೆ ಬೆಳೆದರೂ ಮೊದಲ ಕೇಳಿಕೆಯ 16,384ರೊಳಗೇ ಇರುತ್ತದೆ. ಮೇಲಿನ ಎಡಮೂಲೆ ಬದಲಾಗದ್ದರಿಂದ ಟೈಲುಗಳ ಗೆರೆಯೂ ಬದಲಾಗುವುದಿಲ್ಲ. ಗಂಗೊಳ್ಳಿಯ ಅಳಿವೆಗೆ ಆಗಲೂ ಬರುವುದು ಅದೇ ನಾಲ್ಕು ಟೈಲು.